ಚಂಚಿ ಇಲ್ಲದ ಜಾಹೀರಾತು

ಸಿಂದಗಿಯಲ್ಲಿ ಶ್ರೀಶೈಲಪ್ಪ ಮಾಸ್ತರರ ಮುಖ ಗೊತ್ತಿಲ್ಲದವರು ಸಿಕ್ಕಾರು, ದನಿ ಗೊತ್ತಿಲ್ಲದವರು ಸಿಗಲಿಕ್ಕಿಲ್ಲ. ಆಟೋದ ಮೇಲೆ ಮೈಕು ಕಟ್ಟಿಕೊಂಡು ಓಣಿ ಓಣಿ ಸುತ್ತುವ ಸೀರೆ ಅಂಗಡಿಯ ರಿಯಾಯಿತಿ, ಬಿತ್ತನೆ ಬೀಜ ಬಂದ ಸುದ್ದಿ, ಕಣ್ಣಿನ ತಪಾಸಣೆಯ ಶಿಬಿರ, ಯಾರೋ ಹಿರಿಯರು ಲಿಂಗೈಕ್ಯರಾದ ಪ್ರಕಟಣೆ, ಎಲ್ಲವೂ ಆ ಒಂದೇ ಗಂಟಲಿನಿಂದ ಬರುತ್ತಿದ್ದವು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಂಗಡಿಕಾರರೂ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಪ್ರಾಯದಲ್ಲಿ ನಾಟಕ ಕಂಪನಿಯಲ್ಲಿ ತಂದೆಯ ಪಾತ್ರ ಮಾಡುತ್ತಿದ್ದರು, ಮಾತುಗಳನ್ನೂ ತಾವೇ ಬರೆಯುತ್ತಿದ್ದರು. ಕಂಪನಿ ಮುಳುಗಿತು, ಗಂಟಲು ಉಳಿಯಿತು. ‘ಮಾಸ್ತರ’ ಅನ್ನುವ ಹೆಸರೂ ಆಗ ಅಂಟಿಕೊಂಡದ್ದು, ಮಕ್ಕಳು ಓದುವ ಸಾಲಿಗೂ ಅವರಿಗೂ ಅಂಥ ಸಂಬಂಧವೇನಿಲ್ಲ.

ಮಾತು ಬಲ್ಲವರಿಗೆ ಒಂದು ರೋಗ ಇರುತ್ತದೆ. ಪಕ್ಕದವನಿಗೆ ಕೇಳಿದ ಪ್ರಶ್ನೆಗೂ ತಾವೇ ಮುಂದೆ ಬಿದ್ದು ಉತ್ತರ ಕೊಟ್ಟುಬಿಡುತ್ತಾರೆ. ಮಾಸ್ತರರಿಗೆ ಅದು ಜೋರಾಗಿಯೇ ಇತ್ತು. ಡಾಕ್ಟರು ಇವರ ಹೆಂಡತಿ ಶೆಟ್ಟೆವ್ವನಿಗೆ “ಎಲ್ಲಿ ನೋವು?” ಎಂದು ಕೇಳಿದರೆ ಇವರೇ ತೋರಿಸುತ್ತಿದ್ದರು. ಅವಳು ನಗುತ್ತಿದ್ದಳು. ಆಗ ಎಲ್ಲರೂ ನಗುತ್ತಿದ್ದರು.

ಅಂಥವರ ಹತ್ತಿರ ಚೇತನಕುಮಾರ ಬಂದದ್ದು ಹೋಳಿಯ ಮರುವಾರ. ಇಂಡಿಯ ಒಂದು ವಿಮಾ ಕಂಪನಿಯ ಶಾಖೆಯಲ್ಲಿ ಮೊದಲು ಏಜೆಂಟನಾಗಿದ್ದು, ಈಗ ಏಜೆಂಟರ ಮೇಲಿನ ಅಧಿಕಾರಿಯಾಗಿದ್ದ. ಅಂಗಿ ಇನ್‌ಶರ್ಟ್ ಆಗಿತ್ತು, ಮಾತು ಮಾತ್ರ ಹಳೆಯದೇ. ತೌಸಿಫನ ಸ್ಟುಡಿಯೋದಲ್ಲಿ ಚಹಾ ತರಿಸಿ ಕೂತ. ತೌಸಿಫ ಮದುವೆಯ ವಿಡಿಯೋ ತೆಗೆಯುವವನು, ಮಾಸ್ತರರ ದನಿಯನ್ನು ರೆಕಾರ್ಡ್ ಮಾಡುವವನೂ ಅವನೇ.

“ಕಾಕಾ, ಒಂದು ಜಾಹೀರಾತು ಬರದ ಕೊಡ್ರಿ. ತೊಂಬತ್ತ ಸೆಕೆಂಡ್. ಕುಟುಂಬಕ್ಕ ಅಂತ ಹೊಸಾ ಪಾಲಿಸಿ ಬಂದೈತಿ. ಮನಿ ಯಜಮಾನ ಹ್ವಾದ್ರ ಮನಿ ಮಂದಿ ಬೀದಿಗಿ ಬೀಳಬಾರದು, ಅಷ್ಟ ಅದರ ಸಾರ. ಕತಿ ಇರಬೇಕು, ಕಣ್ಣಾಗ ನೀರ ಬರಬೇಕು. ಕಡೀಕ ಮಾತ್ರ ಮೆತ್ತಗ ಹೇಳಬೇಕ್ರಿ. ‘ತಗೋರಿ’ ಅಂತ ಬಾಯಿ ಬಿಟ್ಟ ಅನ್ನಂಗಿಲ್ಲ.”

“ಅಳಸೂದು ನನಗ ಕಲಸಬ್ಯಾಡ ತಮ್ಮಾ,” ಎಂದರು ಮಾಸ್ತರರು.

“ನೀವು ಬರದದ್ದನ್ನ ನಾ ಹೆಡ್ ಆಫೀಸಿಗಿ ಕಳಸ್ತೇನ್ರಿ. ಅವರು ಹೂಂ ಅಂದ ಮ್ಯಾಲ ಕೇಬಲ್‌ನ್ಯಾಗ, ವಾಟ್ಸಪ್‌ನ್ಯಾಗ ಬಿಡೂದು. ಅವರು ಒಪ್ಪದ ಒಂದು ಅಕ್ಷರಾನೂ ಬಿಡಂಗಿಲ್ಲ.”

ಮಾಸ್ತರರು ಒಪ್ಪಿಕೊಂಡರು. ಒಪ್ಪಿಕೊಳ್ಳುವುದಕ್ಕೆ ಅವರಿಗೊಂದು ಒಳಗಿನ ಕಾರಣವೂ ಇತ್ತು. ಅವರ ಅಳಿಯ ಸಿದ್ದಲಿಂಗ ತೊಗರಿ ರಾಶಿಯ ಹೊತ್ತಿಗೆ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ಅವನ ಹೆಸರಿನಲ್ಲೂ ಅದೇ ಕಂಪನಿಯ ಜೀವ ವಿಮೆ ಇತ್ತು. ಅದನ್ನು ಮಾಡಿಸಿಕೊಟ್ಟವನು ಇದೇ ಚೇತನಕುಮಾರ. ಮಗಳು ಐಶ್ವರ್ಯ ಕ್ಲೇಮು ಹಾಕಿ ಕಾಯುತ್ತಿದ್ದಳು.

ಸಿದ್ದಲಿಂಗನದು ದೇವರ ಹಿಪ್ಪರಗಿಯಲ್ಲಿ ಮೋಟರ್ ರಿಪೇರಿಯ ಅಂಗಡಿ. ಬೋರಿನ ಮೋಟರ್ ಸುಟ್ಟರೆ ಹಳೇ ತಂತಿ ಕಿತ್ತು ಹೊಸದಾಗಿ ಸುತ್ತಿಕೊಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಬುತ್ತಿ ಕೊಡಲು ಹೋದ ಐಶ್ವರ್ಯ ಅಲ್ಲಿಯೇ ಕೂತು ತಂತಿ ಸುತ್ತುವುದು ಕಲಿತಳು. ಆಮೇಲೆ ಅವಳ ಕೈಯ ಸುತ್ತೇ ಗಟ್ಟಿ ಎಂದು ರೈತರು ಅನ್ನುವಷ್ಟಾಯಿತು. ಗಂಡ ಹೋದ ಮೇಲೆ ಅವಳಿಗಿದ್ದದ್ದು ಒಂದೇ ಆಸೆ. ಅಂಗಡಿಯ ಬಾಗಿಲು ಮುಚ್ಚಬಾರದು. ಮೋಟರ್ ಎತ್ತಿ ಇಳಿಸಲು, ಬಿಚ್ಚಿ ಜೋಡಿಸಲು ಒಬ್ಬ ಮಿಸ್ತ್ರಿಯನ್ನು ಇಟ್ಟುಕೊಂಡು ತಾನೇ ನಡೆಸಬೇಕು, ಅಂಗನವಾಡಿಗೆ ಹೋಗುವ ಮಗಳನ್ನು ಅಲ್ಲಿಯೇ ಸಾಲಿಗೆ ಹಾಕಬೇಕು. ಅಂಗಡಿ ಸಿದ್ದಲಿಂಗನ ಅಣ್ಣನ ಹೆಸರಿನಲ್ಲಿತ್ತು. “ವಿಮಾ ರೊಕ್ಕ ಬರೂತನಕಾ ಕಾಯ್ತೇನಿ. ಬಂದ್ರ ಅಂಗಡಿ ರೊಕ್ಕ ಕೊಟ್ಟು ನೀನ ನಡಸು. ಬರಲಿಲ್ಲಂದ್ರ ಝಳಕಿಯವರು ಅಂಗಡಿ ಕೇಳಾಕತ್ತಾರ, ಅವರಿಗಿ ಕೊಡ್ತೇನಿ,” ಎಂದಿದ್ದ ಅವನು. ಕೆಟ್ಟವನಲ್ಲ, ಅವನಿಗೂ ಮನೆ ಇತ್ತು.

ಪಾಲಿಸಿಗೆ ಮೂರು ವರ್ಷ ತುಂಬಿರಲಿಲ್ಲ. ಅಂಥ ಸಾವುಗಳನ್ನು ಕಂಪನಿ ವಿಚಾರಣೆ ಮಾಡಿಯೇ ತೀರ್ಮಾನಿಸುತ್ತದೆ. ವಿಚಾರಣೆಯವನೊಬ್ಬ ದೇವರ ಹಿಪ್ಪರಗಿಗೆ ಬಂದು, ನೆರೆಹೊರೆಯಲ್ಲಿ ಮಾತಾಡಿ, ಸೊಲ್ಲಾಪುರದ ದವಾಖಾನೆಯ ಕಾಗದಗಳ ಝೆರಾಕ್ಸ್ ತೆಗೆದುಕೊಂಡು ಹೋಗಿದ್ದ. ಬಂದವನು ಚಹಾ ಕುಡಿದು, ಚಲೋ ಮಾತಾಡಿ ಹೋದದ್ದರಿಂದ ಕೆಲಸ ಆದಂತೆಯೇ ಎಂದು ಮಾಸ್ತರರು ನಂಬಿಬಿಟ್ಟಿದ್ದರು.

ಹೀಗಾಗಿ ಜಾಹೀರಾತು ಬರೆಯಲು ಕೂತಾಗ ಅವರಿಗೆ ಕತೆ ಹುಡುಕುವ ಕಷ್ಟವೇ ಬರಲಿಲ್ಲ. ಇನ್ನೂ ಆಗದಿದ್ದುದನ್ನು ಆಗಿಹೋಯಿತೆಂದು ಬರೆದರು. ಬರೆದದ್ದು ನಿಜವಾಗುತ್ತದೆ ಅನ್ನುವ ಹುಚ್ಚು ನಾಟಕದವರಿಗೆ ಸುಲಭಕ್ಕೆ ಬಿಡುವುದಿಲ್ಲ.

ಬರೆದದ್ದು ಹೀಗಿತ್ತು:

*ಸಂಜೆ. ಮನೆಯ ಕಟ್ಟೆ. ಮಾವ ಎಲೆ-ಅಡಿಕೆಯ ಬಟ್ಟೆಯ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತಾನೆ, ಅಡಿಕೆ ಇಡುತ್ತಾನೆ, ಚಿಟಿಕೆ ತಂಬಾಕು ಇಟ್ಟು ಅಳಿಯನಿಗೆ ಕೊಡುತ್ತಾನೆ. ಅಳಿಯ ನಗುತ್ತಾನೆ. ಅವನ ಕೈಗೆ ಮೋಟರಿನ ಗ್ರೀಸು. ಮಗಳು ಓಡಿಬಂದು ತೊಡೆ ಏರುತ್ತಾಳೆ.*

*ದನಿ: ಮನಿ ಅಂದ್ರ ಗ್ವಾಡಿ ಅಲ್ಲ. ಸಂಜಿಕ ಮನಿಗಿ ಬರೂ ಮನಷ್ಯಾ.*

*ಅದೇ ಕಟ್ಟೆ. ಮಾವ ಒಬ್ಬನೇ. ಚಂಚಿ ಬಿಚ್ಚುತ್ತಾನೆ. ಎರಡು ಎಲೆ ತೆಗೆಯುತ್ತಾನೆ. ಒಂದನ್ನು ತಿರುಗಿ ಒಳಗಿಡುತ್ತಾನೆ.*

*ದನಿ: ಬರೂ ಮನಷ್ಯಾ ಬರಲಿಲ್ಲ ಅಂದ್ರ?*

*ಬೆಳಿಗ್ಗೆ. ಅಂಗಡಿಯ ಮುಂದೆ ಹೆಂಡತಿ. ಸೆರಗು ಬಿಗಿದು ಶೆಟರ್ ಎತ್ತುತ್ತಾಳೆ. ಒಳಗೆ ಬೆಳಕು ಬೀಳುತ್ತದೆ. ಬೋರ್ಡಿನ ಮೇಲೆ ಗಂಡನ ಹೆಸರು.*

*ದನಿ: ಅವ ಇಲ್ಲ. ಅವ ಇಟ್ಟ ಕಾಳಜಿ ಐತಿ.*

ತೌಸಿಫ ಓದಿ ಕಣ್ಣೊರೆಸಿಕೊಂಡ. “ಮಾಸ್ತರ, ಎರಡನೇ ಎಲಿ ತಿರುಗಿ ಇಡೂದು ಐತೆಲ್ರಿ, ಅದಕ ಮಂದಿ ಸತ್ತ ಹೋಗ್ತಾರ ನೋಡ್ರಿ,” ಎಂದ. ಮಾಸ್ತರರು ಹಿಗ್ಗಿದರು. ಅಳಿಯ ಸತ್ತ ದುಃಖದಲ್ಲೂ ಬರೆದದ್ದು ಚೆನ್ನಾಗಿ ಬಂತೆಂದರೆ ಹಿಗ್ಗುವ ಜಾತಿ ಅದು, ಏನು ಮಾಡುವುದು.

ಚೇತನಕುಮಾರ ಓದಿದಾಗ ಮಾತ್ರ ಕಣ್ಣಲ್ಲಿ ನೀರು ಬರಲಿಲ್ಲ. ಮೊದಲನೆಯ ದೃಶ್ಯದಲ್ಲಿಯೇ ನಿಂತುಬಿಟ್ಟ.

“ಕಾಕಾ, ಈ ಚಂಚಿ ತಗೀರಿ.”

“ಯಾಕೋ? ಅದ ಅದರ ಜೀವಾ.”

“ತಂಬಾಕ ತೋರ್ಸಿದ್ರ ಹೆಡ್ ಆಫೀಸಿನ್ಯಾಗ ಒಪ್ಪೂದಿಲ್ರಿ.” ಕಾಗದವನ್ನು ಮತ್ತೊಮ್ಮೆ ಓದಿ ಕೇಳಿದ. “ಕಾಕಾ, ಸಿದ್ದಲಿಂಗಣ್ಣಂದು ದವಾಖಾನ್ಯಾಗ ಬರಸುಮುಂದ ತಂಬಾಕಿಂದು ಏನರೆ ಹೇಳೀರೇನು?”

“ಹೇಳದ ಏನು? ಡಾಕ್ಟರಗ ಸುಳ್ಳ ಹೇಳತಾರೇನು? ಎಷ್ಟ ವರ್ಷದಿಂದ ತಿಂತಾನ ಅಂತ ಕೇಳಿದ್ರು, ಹದಿನೈದ ವರ್ಷ ಆಗಿರಬೇಕ್ರಿ ಅಂದೆ. ಅವಗ ಬಾಯಿ ತೆರೆಯಾಕ ಬರತಿದ್ದಿಲ್ಲ. ನಾನ ಹೇಳಿದೆ.”

ಚೇತನಕುಮಾರ ಕಾಗದವನ್ನು ಮಡಚಿದ. “ನಮ್ಮ ಅರ್ಜಿಯೊಳಗ ‘ಇಲ್ಲ’ ಅಂತ ಐತ್ರಿ ಕಾಕಾ,” ಎಂದ ಮೆತ್ತಗೆ.

ಮಾಸ್ತರರಿಗೆ ಆ ಸಂಜೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಎರಡು ವರ್ಷದ ಹಿಂದಿನ ದೀಪಾವಳಿಗೆ ಮಗಳು ಅಳಿಯ ಬಂದಿದ್ದರು. ಇದೇ ಚೇತನಕುಮಾರ ಟ್ಯಾಬ್ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತಿದ್ದ. ಹುಟ್ಟಿದ ದಿನ, ಎತ್ತರ, ತೂಕ, ಒಂದೊಂದೇ ಕೇಳಿ ಒತ್ತುತ್ತಾ ಹೋದ. ಐಶ್ವರ್ಯ ಬಾಗಿಲಲ್ಲಿ ನಿಂತಿದ್ದಳು. ಮನೆಗೆ ಬಂದವರಿಗೆ ಎಲೆ ಕೊಡದಿದ್ದರೆ ಹೇಗೆ ಎಂದು ಮಾಸ್ತರರು ಚಂಚಿ ಬಿಚ್ಚಿದ್ದರು.

“ಬೀಡಿ, ಸಿಗರೇಟು, ತಂಬಾಕು, ಶೆರೆ, ಏನೂ ಇಲ್ಲಂತ ಹಾಕ್ಲೇನ್ರಿ ಅಣ್ಣಾರ?” ಎಂದು ಚೇತನಕುಮಾರ ಕೇಳಿದ್ದು ಸಿದ್ದಲಿಂಗನನ್ನು. ಹೆಂಡತಿಯ ತವರಿನ ಕಟ್ಟೆಯ ಮೇಲೆ, ಮಾವನ ಎದುರು, ಅಳಿಯ ಬಾಯಿ ಬಿಡುವ ಪದ್ಧತಿ ನಮ್ಮ ಕಡೆ ಇಲ್ಲ. ಅವನು ಮಾವನ ಮುಖ ನೋಡಿದ. ಅಳಿಯನ ಮೇಲೆ ಹೊರಗಿನವರ ಮುಂದೆ ಒಂದು ಕುಂದು ಬರೆಸುವುದೆಂದರೆ ಮನೆಯ ಮರ್ಯಾದೆ ತೆಗೆದಂತೆ.

“ನಮ್ಮ ಅಳಿಯ ಬಂಗಾರ. ಅಂಥಾದೇನೂ ಇಲ್ಲ, ಇಲ್ಲಂತ ಹಾಕು,” ಎಂದಿದ್ದರು ಮಾಸ್ತರರು, ರಂಗದ ಮೇಲಿನ ದನಿಯಲ್ಲಿ. ಹಾಗೆ ಅನ್ನುತ್ತಲೇ ತಂಬಾಕು ಇಟ್ಟ ಎಲೆಯನ್ನು ಅಳಿಯನಿಗೊಂದು, ಚೇತನಕುಮಾರನಿಗೊಂದು ಕೊಟ್ಟು, ತಾವೂ ಒಂದು ಹಾಕಿಕೊಂಡರು. ಮೂವರೂ ಜಗಿದರು. ಯಾರಿಗೂ ಅದು ಸುಳ್ಳು ಅನ್ನಿಸಲಿಲ್ಲ. ಫೋನಿಗೆ ಓಟಿಪಿ ಬಂದಾಗ ಸಿದ್ದಲಿಂಗ ಬಾಯಿತುಂಬ ರಸ ಇದ್ದದ್ದಕ್ಕೆ ಕತ್ತು ಮೇಲೆತ್ತಿ ಅಂಕಿಗಳನ್ನು ಓದಿದ್ದ. ಐಶ್ವರ್ಯ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು.

ಆಮೇಲೆ ಕಂಪನಿಯಿಂದ ಫೋನೂ ಬಂದಿತ್ತು. ಅರ್ಜಿಯಲ್ಲಿರುವ ಉತ್ತರಗಳೆಲ್ಲ ಸರಿಯಾಗಿವೆಯೇ ಎಂದು ಕೇಳಿದ್ದಕ್ಕೆ ಸಿದ್ದಲಿಂಗ “ಹೌದ್ರಿ” ಎಂದಿದ್ದ. ಮಾವ ಹೇಳಿದ್ದನ್ನು ಅಲ್ಲವೆನ್ನುವವನಲ್ಲ ಅವನು. ಪಾಲಿಸಿಯ ಕಾಗದ ಟಪಾಲಿನಲ್ಲಿ ಬಂತು. ಜತೆಗೆ ಅರ್ಜಿಯ ಪ್ರತಿಯೂ ಇತ್ತು, ತಪ್ಪಿದ್ದರೆ ತಿಳಿಸಿ ಎಂಬ ಮಾತೂ ಇತ್ತು. ಲಕ್ಷ್ಮಿ ಬಂದಂತೆ ಬಂದದ್ದೆಂದು ಐಶ್ವರ್ಯ ಲಕೋಟೆಗೆ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟಳು. ಜಗಲಿಯ ಮೇಲಿಟ್ಟದ್ದನ್ನು ಯಾರು ಬಿಚ್ಚಿ ಓದುತ್ತಾರೆ?

“ಹೌದು ಅಂತ ಹಾಕಿದ್ರ ಏನ ಆಗತಿತ್ತು?” ಮಾಸ್ತರರ ದನಿ ಎಂದಿನಂತಿರಲಿಲ್ಲ.

“ಕಂತು ಒಂದೀಟ ಹೆಚ್ಚ ಆಗತಿತ್ರಿ. ಒಂದ ತಪಾಸಣಿ ಮಾಡಸ್ತಿದ್ರು. ಅಷ್ಟ.”

ಅಷ್ಟೇ ಅನ್ನುವ ಆ ಮಾತು ಮಾಸ್ತರರ ಎದೆಗೆ ಇಳಿಯಿತು. ಮನುಷ್ಯನಿಗೆ ದೊಡ್ಡ ಕಾರಣಕ್ಕೆ ಕೆಟ್ಟದ್ದಾದರೆ ದೇವರನ್ನಾದರೂ ಬೈಯಬಹುದು. ಇಂಥದಕ್ಕೆ ಯಾರನ್ನು ಬೈಯುವುದು?

ಕಾಗದ ಬಂದದ್ದು ಯುಗಾದಿ ಮುಗಿದ ಮೇಲೆ. ತಂಬಾಕಿನ ವಿಷಯ ಮುಚ್ಚಿಟ್ಟದ್ದರಿಂದ ಕ್ಲೇಮು ತಿರಸ್ಕರಿಸಲಾಗಿದೆ, ಕಟ್ಟಿದ ಕಂತುಗಳನ್ನು ಮಾತ್ರ ಹಿಂದಿರುಗಿಸಲಾಗುವುದು ಎಂದಿತ್ತು. ಐಶ್ವರ್ಯ ಅದನ್ನು ಹಿಡಿದುಕೊಂಡು ಬಸ್ಸು ಹತ್ತಿ ಸಿಂದಗಿಗೆ ಬಂದಳು. ಚೇತನಕುಮಾರನನ್ನು ಕರೆಸಿದಳು.

“ಅಣ್ಣಾ, ನೀವೂ ಅವತ್ತ ಅದ ಕಟ್ಟಿ ಮ್ಯಾಲ ಕೂತ ತಿಂದ್ರೆಲ್ಲ. ನಿಮಗ ಗೊತ್ತ ಇತ್ತಂತ ಒಂದ ಮಾತು ಬರಕೊಡ್ರಿ.”

ಅವನು ನೆಲ ನೋಡಿದ. “ಬರಕೊಟ್ರ ನನ್ನ ನೌಕರಿ ಹೋಗತೈತಿ ತಂಗೀ. ಬರಕೊಟ್ರೂ ನಿಮಗ ಗಿಟ್ಟೂದು ಕಡಿಮಿ. ಓಟಿಪಿ ಕೊಟ್ಟವರು ಸಿದ್ದಲಿಂಗಣ್ಣ, ಉತ್ತರ ಅವರದ ಅಂತಾರ. ಕಂಪನಿಗೆ ಒಂದ ತಕರಾರ ಹಾಕ್ರಿ. ಆಗಲಿಲ್ಲಂದ್ರ ಬೆಂಗಳೂರಾಗ ವಿಮಾ ಲೋಕಪಾಲ್ರಿದ್ದಾರ, ಅವರಿಗಿ ಬರೀರಿ. ಖರ್ಚಿಲ್ಲ. ಆದ್ರ ಭಾಳ ಆಸೆ ಇಟ್ಕೋಬ್ಯಾಡ್ರಿ.”

ತಕರಾರು ಹಾಕಿದರು. ಅದೇ ಉತ್ತರ ಮತ್ತೊಮ್ಮೆ ಬಂತು. ಬೆಂಗಳೂರಿಗೂ ಬರೆದರು. ಬರೆಯುವಾಗ ಏನೆಂದು ಬರೆಯುವುದು ಎಂದೇ ಮಾಸ್ತರರಿಗೆ ತಿಳಿಯಲಿಲ್ಲ. ಇಲ್ಲವೆಂದವರೂ ತಾವೇ, ಹದಿನೈದು ವರ್ಷ ಎಂದವರೂ ತಾವೇ. ಎರಡೂ ಸಲ ಕೇಳಿದ್ದು ಅಳಿಯನನ್ನು.

ಸೋಜಿಗವೆಂದರೆ ಐಶ್ವರ್ಯ ಒಂದು ಸಲವೂ ಅಪ್ಪನನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು. ಶೆಟ್ಟೆವ್ವ ಮಾತ್ರ ಒಂದು ದಿನ ರೊಟ್ಟಿ ಬಡಿಯುತ್ತ, “ಅಳಿಯಾನೂ ಮಾತ ಬರೂ ಮನಷ್ಯಾ ಇದ್ದ, ಏನ್ರೀ,” ಎಂದು ಮತ್ತೆ ಬಡಿಯತೊಡಗಿದಳು. ಮಾಸ್ತರರು ಅಂದೇ ಚಂಚಿಯನ್ನು ಒಲೆಗೆ ಹಾಕಿದರು. ಬಟ್ಟೆ ಸುಟ್ಟಿತು, ತಂಬಾಕಿನ ಘಾಟು ಮನೆ ತುಂಬಿತು, ಎಲ್ಲರೂ ಕೆಮ್ಮಿದರು. ಅದರಿಂದ ಏನೂ ಆಗಲಿಲ್ಲ.

ಜಾಹೀರಾತನ್ನು ಬಿಟ್ಟುಬಿಡಬಹುದಿತ್ತು. ಆದರೆ ಮಾಸ್ತರರಿಗೆ ಒಂದು ಹಟ ಹುಟ್ಟಿತು. ತಮ್ಮ ಮನೆ ಹೋಯಿತು, ಇನ್ನೊಬ್ಬರ ಮನೆಯಾದರೂ ಉಳಿಯಲಿ ಎಂದು. ಚಂಚಿ ತೆಗೆದರು. ಕಟ್ಟೆಯ ಮೇಲೆ ಚಹಾದ ಕಪ್ಪು ಇಟ್ಟರು, ಎರಡು ಎಲೆಯ ಜಾಗದಲ್ಲಿ ಎರಡು ಕಪ್ಪು. ಶೆಟರ್ ಎತ್ತುವ ಹೆಂಗಸನ್ನು ಹಾಗೆಯೇ ಬಿಟ್ಟರು. ಕೊನೆಯ ಮಾತನ್ನು ಮಾತ್ರ ತಿಂಗಳುಗಟ್ಟಲೆ ಗಂಟಲಲ್ಲಿ ಹೊತ್ತವರಂತೆ ಬರೆದರು:

*ದನಿ: ಇವತ್ತ ಸಂಜಿ ಮನ್ಯಾಗ ಎಲ್ಲಾರೂ ಕೂಡ್ರಿ. ಒಂದ ಮಾತ ಆಡ್ರಿ. ಅರ್ಜಿ ತುಂಬುಮುಂದ ಇದ್ದದ್ದು ಇದ್ದಂಗ ಹೇಳ್ರಿ. ಎಲಿ ಅಡಿಕಿ ತಂಬಾಕ ಆದ್ರೂ ಹೇಳ್ರಿ. ಯಾರ ಹೆಸರಿಗೆ ಪಾಲಿಸಿನೋ ಅವರ ಬಾಯಿಲೆ ಹೇಳಸ್ರಿ. ನಾಚಬ್ಯಾಡ್ರಿ. ಮರ್ಯಾದಿ ಇವತ್ತ ಹೋಗಿ ನಾಳಿ ಬರತೈತಿ, ಮನಷ್ಯಾ ಬರೂದಿಲ್ಲ.*

ಸ್ಟುಡಿಯೋದ ಒಳಕೋಣೆಯಲ್ಲಿ, ಹೊರಗಿನ ಸದ್ದು ತಡೆಯಲು ಗೋಡೆಗೆ ಅಂಟಿಸಿದ ಮೊಟ್ಟೆಯ ಟ್ರೇಗಳ ನಡುವೆ ನಿಂತು ಅದನ್ನು ಓದಿದರು. ಆವತ್ತು ನಾಟಕದ ದನಿ ಬರಲಿಲ್ಲ. ಬರೀ ಮನೆಯ ದನಿ ಬಂತು. ತೌಸಿಫ ಕಿವಿಯ ಹೆಡ್‌ಫೋನ್ ತೆಗೆದು, “ಇನ್ನೊಂದ ಸಲ ಬ್ಯಾಡ್ರಿ ಮಾಸ್ತರ, ಇದ ಇರಲಿ,” ಎಂದ. ಚೇತನಕುಮಾರ ಹಾಗೆಯೇ ಹೆಡ್ ಆಫೀಸಿಗೆ ಕಳಿಸಿದ. ಅವನಿಗೂ ಎಲ್ಲೋ ಚುಚ್ಚಿತ್ತು ಎಂದು ಕಾಣುತ್ತದೆ, ಒಂದಕ್ಷರ ಮುಟ್ಟಲಿಲ್ಲ.

ಒಪ್ಪಿಗೆ ಬಂತು. ದೃಶ್ಯಗಳು ಬಹಳ ಹಿಡಿಸಿವೆ ಎಂದಿದ್ದರಂತೆ. ಕೊನೆಯ ಮಾತು ಉದ್ದವಾಯಿತು, ಸಮಯ ಮೀರುತ್ತದೆ, ಅರ್ಜಿ ತಂಬಾಕು ಎಂದೆಲ್ಲ ಹೇಳಿದರೆ ಜನ ಹಿಂಜರಿಯುತ್ತಾರೆ, ಮೊದಲಿನ ಎರಡು ವಾಕ್ಯ ಸಾಕು ಎಂದು ಉಳಿದದ್ದನ್ನು ಕತ್ತರಿಸಿದ್ದರು. ಚೇತನಕುಮಾರ ಅದನ್ನು ಹೇಳಲು ಸ್ಟುಡಿಯೋದ ಒಳಗೂ ಬರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿ ಹೋದ. ತೌಸಿಫ ದೃಶ್ಯಗಳನ್ನು ತೆಗೆದು, ದನಿಯನ್ನು ಕತ್ತರಿಸಿ ಜೋಡಿಸಿದ. ಅವನ ಕೆಲಸವೇ ಅದು.

ಬೆಂಗಳೂರಿನಿಂದ ಇನ್ನೂ ಉತ್ತರವಿರಲಿಲ್ಲ. ಅದೇ ವಾರ ಸಿದ್ದಲಿಂಗನ ಅಣ್ಣ ಅಂಗಡಿಯನ್ನು ಝಳಕಿಯವರಿಗೆ ಕೊಟ್ಟ. ಐಶ್ವರ್ಯ ಕೀಲಿ ಕೊಟ್ಟು, ತಂತಿ ಸುತ್ತುವ ಕಟ್ಟಿಗೆಯ ಅಚ್ಚೊಂದನ್ನು ಮಾತ್ರ ಚೀಲದಲ್ಲಿ ಹಾಕಿಕೊಂಡು, ಮಗಳನ್ನು ಕರೆದುಕೊಂಡು ತವರಿಗೆ ಬಂದಳು. ಯಾವುದೋ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ ಹಿಡಿದಳು. ಮೋಟರಿನ ತಂತಿ ಹಿಡಿದು ಬಿರುಸಾದ ಬೆರಳಿಗೆ ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತದೆಂದು ಅಂಗಡಿಯವನು ಬೈದನಂತೆ.

ಜಾಹೀರಾತು ಊರ ತುಂಬ ಓಡಾಡಿತು. ಮಂದಿ ಫೋನಿನಿಂದ ಫೋನಿಗೆ ಕಳಿಸಿದರು. ಚಹಾದ ಅಂಗಡಿಯಲ್ಲಿ ಮಾಸ್ತರರ ಕೈ ಹಿಡಿದು, “ಅಳಿಸಿಬಿಟ್ರಿ,” ಎಂದರು. ಮುದ್ದೇಬಿಹಾಳದಿಂದ ಒಬ್ಬರು ಫೋನ್ ಮಾಡಿ ತಮ್ಮ ಅಂಗಡಿಗೂ ಅಂಥದೇ ಒಂದು ಬೇಕು ಎಂದರು. ಮಾಸ್ತರರು ಎಲ್ಲರಿಗೂ “ಹೂಂ” ಎಂದರು.

ಒಂದು ಸಂಜೆ ಮನೆಯವರೆಲ್ಲ ಟೀವಿಯ ಮುಂದೆ ಇದ್ದರು. ಶೆಟ್ಟೆವ್ವ ಧಾರಾವಾಹಿ ನೋಡುತ್ತ ಸೊಪ್ಪು ಬಿಡಿಸುತ್ತಿದ್ದಳು. ಐಶ್ವರ್ಯ ಮಗಳ ತಲೆ ಬಾಚುತ್ತಿದ್ದಳು. ನಡುವೆ ಅದು ಬಂತು. ಕಟ್ಟೆ, ಎರಡು ಚಹಾದ ಕಪ್ಪು, ಆಮೇಲೆ ಒಂದು ಕಪ್ಪು. ಯಾವಳೋ ಗುರುತಿಲ್ಲದ ಹೆಂಗಸು ಸೆರಗು ಬಿಗಿದು ಶೆಟರ್ ಎತ್ತಿದಳು, ಒಳಗೆ ಬೆಳಕು ಬಿತ್ತು. ಅವರದೇ ದನಿ ಪೆಟ್ಟಿಗೆಯೊಳಗಿಂದ ಮೆತ್ತಗೆ ಹೇಳಿತು:

*ಇವತ್ತ ಸಂಜಿ ಮನ್ಯಾಗ ಎಲ್ಲಾರೂ ಕೂಡ್ರಿ. ಒಂದ ಮಾತ ಆಡ್ರಿ.*

ಆಮೇಲೆ ಇನ್ನೊಬ್ಬನ ದನಿ ಓಡುನಡೆಯಲ್ಲಿ, ನಿಯಮ ಮತ್ತು ಷರತ್ತುಗಳಿಗಾಗಿ ಮಾಹಿತಿ ಪುಸ್ತಿಕೆಯನ್ನು ಗಮನವಿಟ್ಟು ಓದಿ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿತು.

ಐಶ್ವರ್ಯ ಬಾಚಣಿಕೆ ನಿಲ್ಲಿಸಿದಳು. ಸಿಟ್ಟಿನಿಂದ ಅಲ್ಲ, ಮರೆತದ್ದೇನೋ ನೆನಪಾದವಳ ಹಾಗೆ ಹೇಳಿದಳು.

“ಅವತ್ತ ಕಟ್ಟಿ ಮ್ಯಾಲ ನಾವೂ ಕೂತಿದ್ವೆಲ್ಲ ಅಪ್ಪಾ. ಮಾತೂ ಆಡಿದ್ವಿ.”

ಯಾರಿಗೆ ಕೇಳಿದ ಪ್ರಶ್ನೆಗೂ ಮುಂದೆ ಬಿದ್ದು ಉತ್ತರ ಕೊಡುತ್ತಿದ್ದ ಮಾಸ್ತರರು, ತಮಗೇ ಹೇಳಿದ ಈ ಮಾತಿಗೆ ಏನೂ ಅನ್ನಲಿಲ್ಲ. ಧಾರಾವಾಹಿ ಮತ್ತೆ ಸುರುವಾಯಿತು. ಐಶ್ವರ್ಯ ಮಗಳ ಜಡೆ ಹೆಣೆದು ಮುಗಿಸಿದಳು.